ಬಲಿಪೀಠ ಹೋದ ಮೇಲೆ: ಯಾವ್ನೆಯಿಂದ ಮಿಷ್ನಾದವರೆಗೆ

ಪ್ರಶ್ನೆ: ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಸುಟ್ಟುಹಾಕಿದರು ಎಂದು ಓದಿದ್ದೇನೆ. ಬಲಿಯನ್ನೇ ನಂಬಿಕೊಂಡಿದ್ದ ಧರ್ಮವೊಂದು ದೇವಾಲಯವಿಲ್ಲದೆ ಉಳಿದದ್ದು ಹೇಗೆ? ಯಾಜಕರ ಜಾಗಕ್ಕೆ ರಬ್ಬಿಗಳು ಬಂದದ್ದು ಯಾವಾಗ? ಬಾಯಿಪಾಠದಲ್ಲಿದ್ದ ಕಾನೂನನ್ನು ಮಿಷ್ನಾ ಎಂಬ ಹೆಸರಿನಲ್ಲಿ ಬರೆದಿಟ್ಟರಂತೆ. ಅದು ನಮ್ಮ ವೇದಗಳ ಹಾಗೆಯೇ?

ಉತ್ತರ: ದೇವಾಲಯದಲ್ಲಿ ದಿನಕ್ಕೆ ಎರಡು ಬಾರಿ, ಬೆಳಗ್ಗೆ ಒಂದು ಮತ್ತು ಇಳಿಹೊತ್ತಿಗೆ ಒಂದು ಕುರಿಮರಿಯನ್ನು ಇಡೀ ಜನಾಂಗದ ಹೆಸರಿನಲ್ಲಿ ಅರ್ಪಿಸುತ್ತಿದ್ದರು. ಅದರ ಖರ್ಚಿಗಾಗಿ ದೂರದ ಅಲೆಕ್ಸಾಂಡ್ರಿಯಾದಲ್ಲಿದ್ದ ಯಹೂದಿ ಗಂಡಸೂ ವರ್ಷಕ್ಕೆ ಅರ್ಧ ಶೆಕೆಲ್ ಕಳುಹಿಸುತ್ತಿದ್ದ. ಪಸ್ಕ ಹಬ್ಬಕ್ಕೆ ಕುರಿ ಕೊಯ್ಯಬೇಕಾದರೆ ಜೆರುಸಲೇಮಿಗೇ ಬರಬೇಕಿತ್ತು. ದೋಷಪರಿಹಾರದ ದಿನ ಮಹಾಯಾಜಕನೊಬ್ಬನೇ ಗರ್ಭಗುಡಿಯನ್ನು ಹೊಕ್ಕು ಎಲ್ಲರ ಪಾಪಕ್ಕೂ ಪರಿಹಾರ ಮಾಡುತ್ತಿದ್ದ. 70ರ ಬೇಸಗೆಯಲ್ಲಿ ಟೈಟಸನ ಸೈನ್ಯ ದೇವಾಲಯಕ್ಕೆ ಬೆಂಕಿಯಿಟ್ಟಾಗ ಇಷ್ಟೂ ನಿಂತುಹೋಯಿತು. ಗಾಯದ ಮೇಲೆ ಉಪ್ಪು ಸವರಿದಂತೆ, ಚಕ್ರವರ್ತಿ ವೆಸ್ಪಾಸಿಯನ್ ಆ ಅರ್ಧ ಶೆಕೆಲಿನ ಮೊತ್ತವನ್ನೇ ಎರಡು ದ್ರಾಕ್ಮಾಗಳ ತೆರಿಗೆಯಾಗಿಸಿ ರೋಮಿನ ಜೂಪಿಟರ್ ದೇವಾಲಯಕ್ಕೆ ಸಲ್ಲುವಂತೆ ಮಾಡಿದ. ಮೊದಲು ಗಂಡಸರಷ್ಟೇ ಕೊಡುತ್ತಿದ್ದುದನ್ನು ಈಗ ಹೆಂಗಸರೂ ಮಕ್ಕಳೂ ಕೊಡಬೇಕಾಯಿತು.

ಆದರೆ ನಿಂತುಹೋಗದ ಸಂಗತಿಗಳೂ ಇದ್ದವು. ದೇವಾಲಯ ಇನ್ನೂ ನಿಂತಿದ್ದಾಗಲೇ ಊರೂರಿನಲ್ಲಿ ಯಹೂದಿಗಳು ಸೇರುವ ಮಂದಿರಗಳಾದ ಸಿನಗಾಗ್‌ಗಳಿದ್ದವು. ಜೆರುಸಲೇಮಿನಲ್ಲಿಯೇ ಸಿಕ್ಕಿರುವ ಒಂದು ಗ್ರೀಕ್ ಶಾಸನ ಥಿಯೊಡೋಟಸ್ ಎಂಬಾತ ಕಟ್ಟಿಸಿದ ಸಿನಗಾಗಿನದು. ಅದರಲ್ಲಿ ಆ ಕಟ್ಟಡದ ಉದ್ದೇಶವನ್ನು ಹೇಳಿದೆ: ಧರ್ಮಶಾಸ್ತ್ರವನ್ನು ಓದುವುದು, ವಿಧಿಗಳನ್ನು ಕಲಿಸುವುದು, ಪರಸ್ಥಳದಿಂದ ಬಂದವರಿಗೆ ತಂಗಲು ಕೋಣೆ ಮತ್ತು ನೀರು ಒದಗಿಸುವುದು. ಬಲಿಯ ಮಾತೇ ಅಲ್ಲಿಲ್ಲ. ಇನ್ನೊಂದು ಕಡೆ ಫರಿಸಾಯರಿದ್ದರು. ಹೊಸ ಒಡಂಬಡಿಕೆಯಿಂದಾಗಿ ಈ ಹೆಸರು ನಮ್ಮಲ್ಲಿ ಬೈಗುಳದಂತೆ ಬಳಕೆಯಾಗುತ್ತಿದೆ. ಅದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಮೋಶೆಯ ಧರ್ಮಶಾಸ್ತ್ರವಾದ ಲಿಖಿತ ತೋರಾದ ಜೊತೆಗೆ ಹಿರಿಯರಿಂದ ಬಂದ ಸಂಪ್ರದಾಯವೂ ಪಾಲನೆಗೆ ಅರ್ಹ ಎಂದು ವಾದಿಸಿದವರು ಅವರು. ಸದ್ದುಕಾಯರು ಅದನ್ನು ಒಪ್ಪುತ್ತಿರಲಿಲ್ಲ. ಆದರೆ ಸದ್ದುಕಾಯರ ಬಲವೆಲ್ಲ ಯಾಜಕ ಮನೆತನಗಳಲ್ಲಿತ್ತು. ಆ ಮನೆತನಗಳಿಗೆ ಆಧಾರವಾಗಿದ್ದ ಬಲಿಪೀಠವೇ ಹೋದಾಗ ಅವರ ಮಾತಿಗೂ ನೆಲೆ ತಪ್ಪಿತು.

ಇಲ್ಲಿಂದ ಮುಂದೆ ಹೇಳುವ ಜನಪ್ರಿಯ ಕಥೆ ನಿಮಗೆ ಗೊತ್ತಿರಬಹುದು. ಮುತ್ತಿಗೆಗೆ ಒಳಗಾದ ಜೆರುಸಲೇಮಿನಿಂದ ರಬ್ಬಾನ್ ಯೋಹಾನಾನ್ ಬೆನ್ ಜಕ್ಕಾಯ್ ಎಂಬ ವೃದ್ಧ ವಿದ್ವಾಂಸನನ್ನು ಶಿಷ್ಯರು ಶವಪೆಟ್ಟಿಗೆಯಲ್ಲಿ ಮಲಗಿಸಿ ಹೊರಗೆ ಸಾಗಿಸಿದರು. ಆತ ವೆಸ್ಪಾಸಿಯನನ ಎದುರು ನಿಂತು ‘ಅರಸನೇ, ನಿನಗೆ ಶಾಂತಿ’ ಎಂದ. ಅಷ್ಟರಲ್ಲಿ ರೋಮಿನಿಂದ ದೂತ ಬಂದು ವೆಸ್ಪಾಸಿಯನ್ ಚಕ್ರವರ್ತಿಯಾದ ಸುದ್ದಿ ತಿಳಿಸಿದ. ಏನು ಬೇಕೋ ಕೇಳು ಎಂದಾಗ ಮುದುಕ ‘ಯಾವ್ನೆಯನ್ನೂ ಅಲ್ಲಿಯ ವಿದ್ವಾಂಸರನ್ನೂ ನನಗೆ ಕೊಡು’ ಎಂದ. ಕಥೆ ಸೊಗಸಾಗಿದೆ, ಆದರೆ ಇತಿಹಾಸವಾಗಿ ಒಪ್ಪುವುದು ಕಷ್ಟ. ಜೆರುಸಲೇಮಿಗೆ ಕೊನೆಯ ಮುತ್ತಿಗೆ ಹಾಕಿದವನು ವೆಸ್ಪಾಸಿಯನನ ಮಗ ಟೈಟಸ್. ವೆಸ್ಪಾಸಿಯನ್ ಅದಕ್ಕೆ ಮೊದಲೇ, 69ರಲ್ಲಿ ಚಕ್ರವರ್ತಿಯೆಂದು ಘೋಷಿತನಾಗಿದ್ದ. ‘ನೀನು ಅರಸನಾಗುತ್ತೀ’ ಎಂಬ ಭವಿಷ್ಯವಾಣಿಯನ್ನು ತಾನೇ ನುಡಿದೆ ಎಂದು ಇತಿಹಾಸಕಾರ ಜೋಸೆಫಸ್ ಕೂಡ ಬರೆದುಕೊಂಡಿದ್ದಾನೆ. ಯಹೂದಿ ಗ್ರಂಥಗಳಲ್ಲೇ ಈ ಕಥೆಗೆ ಮೂರ್ನಾಲ್ಕು ಪಾಠಗಳಿವೆ, ಒಂದಕ್ಕೊಂದು ಹೊಂದುವುದಿಲ್ಲ. ನಂಬಲು ಅಡ್ಡಿಯಿಲ್ಲದ್ದು ಇಷ್ಟು: ಕರಾವಳಿ ಬಯಲಿನ ಯಾವ್ನೆ ಪಟ್ಟಣದಲ್ಲಿ ಯೋಹಾನಾನನ ಸುತ್ತ ಒಂದು ಸಣ್ಣ ವಿದ್ವಾಂಸರ ಗುಂಪು ಸೇರಿತು, ರೋಮನ್ನರು ಅದಕ್ಕೆ ಅಡ್ಡಿಪಡಿಸಲಿಲ್ಲ.

ಆ ಗುಂಪು ಮಾಡಿದ ಕೆಲಸದ ಸ್ವರೂಪ ತಿಳಿಯಬೇಕಾದರೆ ಒಂದು ತೀರ್ಪನ್ನು ಹತ್ತಿರದಿಂದ ನೋಡಬೇಕು. ಯಹೂದಿ ಹೊಸ ವರ್ಷದ ದಿನ ಟಗರಿನ ಕೊಂಬನ್ನು ಊದುವುದು ವಿಧಿ. ಆ ದಿನ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಬಂದರೆ ದೇವಾಲಯದಲ್ಲಿ ಮಾತ್ರ ಊದುತ್ತಿದ್ದರು, ಹೊರಗಿನ ಊರುಗಳಲ್ಲಿ ಊದುತ್ತಿರಲಿಲ್ಲ. ದೇವಾಲಯವೇ ಇಲ್ಲದ ಮೇಲೆ ಏನು ಮಾಡಬೇಕು? ಎಲ್ಲೆಲ್ಲಿ ನ್ಯಾಯಸಭೆ ಇದೆಯೋ ಅಲ್ಲೆಲ್ಲ ಊದಬಹುದು ಎಂದು ಯೋಹಾನಾನ್ ವಿಧಿಸಿದ. ಈ ಸಂದರ್ಭವನ್ನು ಮಿಷ್ನಾದ ಮೇಲಿನ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ನಾಟಕದಂತೆ ಚಿತ್ರಿಸುತ್ತದೆ. ಹಬ್ಬ ಸಬ್ಬತ್ತಿನ ದಿನವೇ ಬಂದಿದೆ, ಜನ ನೆರೆದಿದ್ದಾರೆ. ಬೆತೇರ ಮನೆತನದವರು ‘ಮೊದಲು ಚರ್ಚಿಸೋಣ’ ಎನ್ನುತ್ತಾರೆ. ಯೋಹಾನಾನ್ ‘ಮೊದಲು ಊದೋಣ, ಆಮೇಲೆ ಚರ್ಚಿಸೋಣ’ ಎನ್ನುತ್ತಾನೆ. ಊದಿದ್ದಾಯಿತು. ‘ಈಗ ಚರ್ಚಿಸೋಣ’ ಎಂದು ಅವರು ಬಂದರೆ, ‘ಯಾವ್ನೆಯಲ್ಲಿ ಕೊಂಬಿನ ದನಿ ಕೇಳಿಯಾಯಿತು, ಆದದ್ದರ ಮೇಲೆ ಮರುಚರ್ಚೆ ಇಲ್ಲ’ ಎಂದುಬಿಡುತ್ತಾನೆ. ಮುದುಕನ ಜಾಣತನವನ್ನು ಮೆಚ್ಚಲೇಬೇಕು.

ಈ ತೀರ್ಪಿನಲ್ಲಿ ಅಧಿಕಾರ ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದನ್ನು ಗಮನಿಸಿ. ಯಾಜಕನಿದ್ದಲ್ಲಿ ನಡೆಯುತ್ತಿದ್ದದ್ದು ಇನ್ನು ಮುಂದೆ ಶಾಸ್ತ್ರ ಬಲ್ಲವರು ಕುಳಿತಲ್ಲಿ ನಡೆಯುತ್ತದೆ. ಪರ್ಣಶಾಲೆಗಳ ಹಬ್ಬದ ವಿಷಯದಲ್ಲೂ ಇದೇ ಆಯಿತು. ಖರ್ಜೂರದ ಸುಳಿಗರಿಯನ್ನು ದೇವಾಲಯದಲ್ಲಿ ಏಳು ದಿನ, ಹೊರಗೆ ಒಂದೇ ದಿನ ಕೈಯಲ್ಲಿ ಹಿಡಿಯುತ್ತಿದ್ದರು. ಇನ್ನು ಮೇಲೆ ಎಲ್ಲ ಕಡೆಯೂ ಏಳು ದಿನ, ದೇವಾಲಯದ ನೆನಪಿಗಾಗಿ ಎಂದು ಯೋಹಾನಾನ್ ವಿಧಿಸಿದ. ಪಸ್ಕದ ರಾತ್ರಿ ಕುರಿಯ ಮಾಂಸದ ಸುತ್ತ ನಡೆಯುತ್ತಿದ್ದ ಊಟ, ಕುರಿ, ಹುಳಿಯಿಲ್ಲದ ರೊಟ್ಟಿ ಮತ್ತು ಕಹಿ ಸೊಪ್ಪು ಈ ಮೂರರ ಅರ್ಥವನ್ನು ಬಾಯಿಬಿಟ್ಟು ಹೇಳಲೇಬೇಕಾದ ಊಟವಾಯಿತು. ಕುರಿ ತಟ್ಟೆಯಲ್ಲಿ ಇಲ್ಲದಿದ್ದರೂ ಅದರ ಮಾತು ಉಳಿಯಿತು. ಪಾಪ ಪರಿಹಾರವಾಗುತ್ತಿದ್ದ ಸ್ಥಳವೇ ಹಾಳಾಯಿತು ಎಂದು ಶಿಷ್ಯ ಯೆಹೋಶುವ ಅವಶೇಷಗಳ ಮುಂದೆ ಗೋಳಾಡಿದಾಗ ಯೋಹಾನಾನ್ ಪ್ರವಾದಿ ಹೋಶೇಯನ ಮಾತನ್ನು ನೆನಪಿಸಿದನಂತೆ: ದೇವರಿಗೆ ಬೇಕಾದದ್ದು ಬಲಿಯಲ್ಲ, ಕರುಣೆ. ಈ ಪ್ರಸಂಗವನ್ನು ಬಹಳ ಮಂದಿ ಉದ್ಧರಿಸುತ್ತಾರೆ, ಆದರೆ ಇದು ದೊರೆಯುವುದು ಬಹಳ ಕಾಲದ ನಂತರದ ಒಂದು ಗ್ರಂಥದಲ್ಲಿ. ಕೊಂಬು ಮತ್ತು ಗರಿಯ ತೀರ್ಪುಗಳು ಮಿಷ್ನಾದಲ್ಲಿಯೇ ಇವೆ. ಇತಿಹಾಸ ಬರೆಯುವವನಿಗೆ ಅವೇ ಹೆಚ್ಚು ಗಟ್ಟಿ.

ಯೋಹಾನಾನನ ನಂತರ ಯಾವ್ನೆಯ ನಾಯಕತ್ವ ಹಿಲ್ಲೇಲ್ ಎಂಬ ಹಿಂದಿನ ಪ್ರಸಿದ್ಧ ಗುರುವಿನ ವಂಶದ ರಬ್ಬಾನ್ ಗಮಲಿಯೇಲನಿಗೆ ಬಂತು. ಅಪೊಸ್ತಲ ಪೌಲನ ಗುರುವೆಂದು ಬೈಬಲ್ ಹೇಳುವ ಗಮಲಿಯೇಲನ ಮೊಮ್ಮಗ ಈತ. ಈತನಿಗೂ ಮೇಲೆ ಹೇಳಿದ ಯೆಹೋಶುವನಿಗೂ ನಡೆದ ಜಗಳವೊಂದನ್ನು ಮಿಷ್ನಾ ದಾಖಲಿಸಿದೆ. ರಬ್ಬಿಗಳ ಅಧಿಕಾರ ಹೇಗೆ ಬೇರೂರಿತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ.

ಆಗ ಯಹೂದಿ ತಿಂಗಳು ಶುರುವಾಗುತ್ತಿದ್ದದ್ದು ಸಾಕ್ಷಿಗಳಿಂದ. ಅಮಾವಾಸ್ಯೆಯ ನಂತರದ ಬಿದಿಗೆಯ ಗೆರೆಚಂದ್ರನನ್ನು ಕಂಡ ಇಬ್ಬರು ನ್ಯಾಯಸಭೆಗೆ ಬಂದು ಹೇಳಬೇಕು, ಸಭೆ ಅವರನ್ನು ಪರೀಕ್ಷಿಸಿ ತಿಂಗಳನ್ನು ಘೋಷಿಸಬೇಕು. ಗಮಲಿಯೇಲ್ ತನ್ನ ಮಹಡಿಯ ಕೋಣೆಯ ಗೋಡೆಯ ಮೇಲೆ ಚಂದ್ರನ ಆಕಾರಗಳನ್ನು ಬರೆಸಿಟ್ಟಿದ್ದ. ಓದು ಬಾರದ ಸಾಕ್ಷಿಗಳಿಗೆ ಅವನ್ನು ತೋರಿಸಿ ‘ಹೀಗಿತ್ತೋ, ಹಾಗಿತ್ತೋ?’ ಎಂದು ಕೇಳುತ್ತಿದ್ದ. ಒಮ್ಮೆ ಇಬ್ಬರು ಬಂದು ಸರಿಯಾದ ಹೊತ್ತಿಗೆ ಚಂದ್ರನನ್ನು ಕಂಡೆವು, ಮರುರಾತ್ರಿ ಮಾತ್ರ ಕಾಣಲಿಲ್ಲ ಎಂದರು. ಗಮಲಿಯೇಲ್ ಆ ಸಾಕ್ಷ್ಯವನ್ನು ಒಪ್ಪಿದ. ದೋಸಾ ಬೆನ್ ಹರ್ಕಿನಾಸ್ ಎಂಬ ಹಿರಿಯನಿಗೆ ತಡೆಯಲಾಗಲಿಲ್ಲ: ‘ಇವರು ಸುಳ್ಳು ಸಾಕ್ಷಿಗಳು. ಒಬ್ಬಳು ಹೆತ್ತಳು ಎಂದು ಹೇಳಿ, ಮರುದಿನ ನೋಡಿದರೆ ಅವಳ ಹೊಟ್ಟೆ ಇನ್ನೂ ಗಂಟಲಿಗೆ ಬಂದಿದ್ದರೆ ನಂಬುವುದು ಹೇಗೆ?’ ಯೆಹೋಶುವನಿಗೂ ಅದೇ ಸರಿಯೆನಿಸಿತು. ಅವನ ಲೆಕ್ಕದಲ್ಲಿ ತಿಂಗಳು ಬೇರೆ ದಿನ ಶುರುವಾಗುತ್ತಿತ್ತು, ಅಂದರೆ ಆ ತಿಂಗಳ ಹತ್ತನೆಯ ದಿನದ ದೋಷಪರಿಹಾರದ ಉಪವಾಸವೂ ಬೇರೆ ದಿನ.

ಖಗೋಳದ ದೃಷ್ಟಿಯಿಂದ ದೋಸಾ ಮತ್ತು ಯೆಹೋಶುವರ ವಾದದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೂ ಗಮಲಿಯೇಲ್ ಹೇಳಿಕಳುಹಿಸಿದ: ‘ನಿನ್ನ ಲೆಕ್ಕದಲ್ಲಿ ದೋಷಪರಿಹಾರದ ದಿನ ಯಾವುದೋ ಆ ದಿನ ನಿನ್ನ ಕೋಲು, ನಿನ್ನ ಹಣ ಹಿಡಿದುಕೊಂಡು ನನ್ನ ಬಳಿಗೆ ಬರಬೇಕು.’ ಅಂದರೆ ತಾನು ಪವಿತ್ರವೆಂದು ನಂಬಿದ ದಿನವನ್ನು ಎಲ್ಲರೆದುರು ತಾನೇ ಮುರಿಯಬೇಕು. ಯೆಹೋಶುವ ಕಂಗಾಲಾಗಿ ಕುಳಿತಿದ್ದಾಗ ಅಕೀವ ಎಂಬ ವಿದ್ವಾಂಸ ಬಂದು ಸಮಾಧಾನ ಹೇಳುತ್ತಾನೆ: ‘ನೀವು ಸಾರತಕ್ಕ ಹಬ್ಬಗಳು ಇವು’ ಎಂದು ತೋರಾದಲ್ಲಿದೆ. ಸರಿಯಾದ ಹೊತ್ತಿಗೆ ಸಾರಲಿ, ತಪ್ಪಿದ ಹೊತ್ತಿಗೆ ಸಾರಲಿ, ಸಭೆ ಸಾರಿದ್ದೇ ಹಬ್ಬ. ಆಮೇಲೆ ದೋಸಾನೂ, ಗಮಲಿಯೇಲನ ಸಭೆಯ ತೀರ್ಪನ್ನು ಕೆದಕಲು ಹೊರಟರೆ ಮೋಶೆಯ ಕಾಲದಿಂದ ಇಂದಿನವರೆಗಿನ ಎಲ್ಲ ಸಭೆಗಳ ತೀರ್ಪನ್ನೂ ಕೆದಕಬೇಕಾಗುತ್ತದೆ ಎನ್ನುತ್ತಾನೆ. ಸುಳ್ಳು ಸಾಕ್ಷಿ ಎಂದು ಗುಡುಗಿದವನೇ ಹೀಗೆ ಹೇಳಿದ್ದು! ಯೆಹೋಶುವ ಕೋಲು ಮತ್ತು ಹಣ ಹಿಡಿದು ಹೊರಟ. ಗಮಲಿಯೇಲ್ ಎದ್ದು ನಿಂತು ಅವನ ತಲೆಗೆ ಮುತ್ತಿಟ್ಟು, ‘ಬಾ, ನನ್ನ ಗುರುವೇ, ನನ್ನ ಶಿಷ್ಯನೇ, ವಿದ್ಯೆಯಲ್ಲಿ ಗುರು, ನನ್ನ ಮಾತನ್ನು ನಡೆಸಿಕೊಟ್ಟದ್ದರಲ್ಲಿ ಶಿಷ್ಯ’ ಎಂದ.

ಯಾಜಕನ ಅಧಿಕಾರ ಹುಟ್ಟಿನಿಂದ ಬರುತ್ತಿತ್ತು. ಇಲ್ಲಿ ಅದು ಸಭೆಯ ತೀರ್ಪಿನಿಂದ ಬರುತ್ತಿದೆ, ತೀರ್ಪು ತಪ್ಪೆಂದು ಒಳಗೊಳಗೇ ಗೊತ್ತಿದ್ದವರೂ ಅದಕ್ಕೆ ತಲೆಬಾಗುತ್ತಿದ್ದಾರೆ. ಜೊತೆಗೆ, ಸೋತವನ ವಾದ ಅಳಿಸಿಹೋಗಿಲ್ಲ, ದೋಸಾನ ಮಾತು ಮಾತಿಗೆ ಮಾತು ಉಳಿದಿದೆ. ಗಮಲಿಯೇಲನ ದರ್ಪ ಎಲ್ಲರಿಗೂ ಹಿಡಿಸಿತೆಂದು ತಿಳಿಯಬೇಡಿ. ಅದೇ ಯೆಹೋಶುವನನ್ನು ಮತ್ತೊಮ್ಮೆ ಅವಮಾನಿಸಿದ್ದಕ್ಕೆ ಸಭೆಯವರು ಅವನನ್ನು ಪದವಿಯಿಂದ ಇಳಿಸಿದರೆಂದೂ, ಬಾಗಿಲು ಕಾಯುವವನನ್ನು ತೆಗೆದುಹಾಕಿ ಎಲ್ಲರನ್ನೂ ಒಳಗೆ ಬಿಟ್ಟಾಗ ಪಾಠಶಾಲೆಗೆ ನೂರಾರು ಬೆಂಚುಗಳನ್ನು ಸೇರಿಸಬೇಕಾಯಿತೆಂದೂ ತಾಲ್ಮುದ್ ಹೇಳುತ್ತದೆ.

ಆದರೆ ಈ ಹೊತ್ತಿನಲ್ಲಿ ಯಾರೂ ‘ದೇವಾಲಯವಿಲ್ಲದ ಹೊಸ ಧರ್ಮ’ ಕಟ್ಟುತ್ತಿದ್ದೇವೆ ಎಂದುಕೊಂಡಿರಲಿಲ್ಲ. ಹಿಂದೆ ಬಾಬಿಲೋನಿನವರು ಕೆಡವಿದ ಮೊದಲ ದೇವಾಲಯ ಸುಮಾರು 70 ವರ್ಷಗಳಲ್ಲಿ ಮತ್ತೆ ಎದ್ದಿತ್ತು. ಈ ಸಲವೂ ಹಾಗೇ ಆಗುತ್ತದೆ ಎಂಬ ನಿರೀಕ್ಷೆಯಿತ್ತು. 132ರಲ್ಲಿ ಬಾರ್ ಕೋಖ್ಬಾನ ನಾಯಕತ್ವದಲ್ಲಿ ದಂಗೆ ಎದ್ದಾಗ ಬಂಡಾಯಗಾರರು ಟಂಕಿಸಿದ ನಾಣ್ಯಗಳ ಮೇಲೆ ದೇವಾಲಯದ ಮುಂಭಾಗದ ಚಿತ್ರವಿದೆ. ಜುದೇಯ ಮರುಭೂಮಿಯ ಗುಹೆಯಲ್ಲಿ ದೊರೆತ ಅವನ ಪತ್ರವೊಂದರಲ್ಲಿ ದಂಡಿನ ಪಾಳೆಯಕ್ಕೆ ಖರ್ಜೂರದ ಗರಿ, ಮಾದಳದ ಜಾತಿಯ ಹಣ್ಣು, ಮತ್ತೆರಡು ಬಗೆಯ ಕೊಂಬೆಗಳನ್ನು ಕತ್ತೆಗಳ ಮೇಲೆ ಹೊರಿಸಿ ಕಳುಹಿಸುವಂತೆ ಅಪ್ಪಣೆಯಿದೆ. ಯುದ್ಧದ ನಡುವೆಯೂ ಪರ್ಣಶಾಲೆಗಳ ಹಬ್ಬ ದೇವಾಲಯದ ಹೊರಗೆ ನಡೆಯುತ್ತಲೇ ಇತ್ತು.

135ರ ಹೊತ್ತಿಗೆ ರೋಮ್ ದಂಗೆಯನ್ನು ಅಡಗಿಸಿತು. ಜೆರುಸಲೇಮ್ ಏಲಿಯಾ ಕ್ಯಾಪಿಟೊಲಿನಾ ಎಂಬ ರೋಮನ್ ನಗರವಾಯಿತು, ಯಹೂದಿಗಳಿಗೆ ಅದರೊಳಗೆ ಪ್ರವೇಶ ನಿಷಿದ್ಧವಾಯಿತು. ಜುದೇಯ ಪ್ರಾಂತ್ಯದ ಹೆಸರೇ ಸಿರಿಯಾ ಪ್ಯಾಲೆಸ್ಟೀನಾ ಎಂದು ಬದಲಾಯಿತು. ಅಕೀವನನ್ನು ರೋಮನ್ನರು ಚಿತ್ರಹಿಂಸೆ ಕೊಟ್ಟು ಕೊಂದರು ಎಂದು ಸಂಪ್ರದಾಯ ಹೇಳುತ್ತದೆ. ಉಳಿದವರು ಉತ್ತರದ ಗಲಿಲಾಯಕ್ಕೆ ಹೋದರು. ಉಶಾ, ಬೇತ್ ಶೆಯಾರಿಮ್, ಸೆಫೋರಿಸ್, ಕೊನೆಗೆ ತಿಬೇರಿಯಾ ಹೀಗೆ ಕೇಂದ್ರ ಊರಿಂದೂರಿಗೆ ಸರಿಯಿತು. ನನ್ನ ದೃಷ್ಟಿಯಲ್ಲಿ ರಬ್ಬಿಗಳ ಧರ್ಮಕ್ಕೆ 70ಕ್ಕಿಂತ 135 ದೊಡ್ಡ ತಿರುವು. ದೇವಾಲಯ ಬೇಗನೆ ಮರಳಿ ಬರುವುದಿಲ್ಲ ಎಂಬುದು ಆಗಲೇ ಖಚಿತವಾದದ್ದು. ಗುರುಗಳು ಕೊಲೆಯಾಗಿ ಶಿಷ್ಯರು ಚದುರಿದಾಗ, ತಲೆಯಲ್ಲಿರುವ ವಿದ್ಯೆ ತಲೆಯ ಜೊತೆಗೇ ಹೋಗುತ್ತದೆ ಎಂಬ ಭಯವೂ ನಿಜವಾಯಿತು.

ಈ ಹಿನ್ನೆಲೆಯಲ್ಲಿ, ಕ್ರಿ.ಶ. 200ರ ಆಸುಪಾಸಿನಲ್ಲಿ, ಯಾವ್ನೆಯ ಗಮಲಿಯೇಲನ ಮೊಮ್ಮಗ ಯೆಹೂದ ಹನಾಸಿ ಮಿಷ್ನಾವನ್ನು ಸಂಯೋಜಿಸಿದ. ಈತ ಸಿರಿವಂತ, ರೋಮನ್ ಅಧಿಕಾರಿಗಳೊಡನೆ ಒಳ್ಳೆಯ ಸಂಬಂಧ ಇಟ್ಟುಕೊಂಡಿದ್ದವನು. ವಿದ್ಯೆ ಮತ್ತು ಅಧಿಕಾರ ಒಬ್ಬನಲ್ಲೇ ಕೂಡಿದ್ದರಿಂದ ಅವನ ಸಂಗ್ರಹ ಉಳಿದ ಸಂಗ್ರಹಗಳನ್ನು ಹಿಂದಿಕ್ಕಿತು. ಕೃಷಿ, ಹಬ್ಬ, ಮದುವೆ, ವ್ಯಾಜ್ಯ, ಬಲಿ, ಮಡಿ ಹೀಗೆ ಆರು ವಿಭಾಗಗಳು, ಅವುಗಳೊಳಗೆ ಈಗಿನ ಎಣಿಕೆಯಂತೆ 63 ಪ್ರಕರಣಗಳು. ಭಾಷೆ ಹೀಬ್ರೂ, ಅದೂ ಬಿಗಿಯಾದ, ಒಂದು ಪದವೂ ಹೆಚ್ಚಿಲ್ಲದ ಹೀಬ್ರೂ.

ಅದರ ಮೊದಲ ವಾಕ್ಯವನ್ನೇ ನೋಡೋಣ. ‘ಸಂಜೆಯ ಶೆಮಾವನ್ನು ಯಾವ ಹೊತ್ತಿನಿಂದ ಪಠಿಸಬೇಕು? ಯಾಜಕರು ತಮ್ಮ ಪಾಲಿನ ಆಹಾರವನ್ನು ಉಣ್ಣಲು ಒಳಹೋಗುವ ಹೊತ್ತಿನಿಂದ.’ ಶೆಮಾ ಎಂದರೆ ದೇವರು ಒಬ್ಬನೇ ಎಂದು ಸಾರುವ, ದಿನಕ್ಕೆರಡು ಬಾರಿ ಹೇಳುವ ತೋರಾದ ಭಾಗ. ಅಶುದ್ಧನಾದ ಯಾಜಕ ನೀರಿನಲ್ಲಿ ಮುಳುಗಿ, ನಕ್ಷತ್ರ ಮೂಡುವವರೆಗೆ ಕಾದು, ಆಮೇಲೆ ತನ್ನ ಪಾಲಿನ ಪವಿತ್ರ ಆಹಾರವನ್ನು ಉಣ್ಣಬಹುದಿತ್ತು. ‘ನಕ್ಷತ್ರ ಮೂಡಿದಾಗ’ ಎಂದು ನೇರವಾಗಿ ಹೇಳಬಹುದಿತ್ತಲ್ಲ? ದೇವಾಲಯ ಸುಟ್ಟುಹೋಗಿ ನೂರಮೂವತ್ತು ವರ್ಷ ಕಳೆದ ಮೇಲೂ ಮಿಷ್ನಾ ಮನೆಮನೆಯ ಪ್ರಾರ್ಥನೆಯ ಹೊತ್ತನ್ನು ಯಾಜಕನ ಊಟದಿಂದ ಅಳೆಯುತ್ತಿದೆ.

ಮುಂದೆ, ಎಲ್ಲಿಯವರೆಗೆ ಹೇಳಬಹುದು? ರಾತ್ರಿಯ ಮೊದಲ ಜಾವ ಮುಗಿಯುವವರೆಗೆ ಎಂದು ರಬ್ಬಿ ಎಲಿಯೇಜರ್. ನಡುರಾತ್ರಿಯವರೆಗೆ ಎಂದು ವಿದ್ವಾಂಸರ ಬಹುಮತ. ಬೆಳಗು ಹರಿಯುವವರೆಗೆ ಎಂದು ಗಮಲಿಯೇಲ್. ಕೂಡಲೇ ಒಂದು ಘಟನೆ: ಗಮಲಿಯೇಲನ ಮಕ್ಕಳು ಔತಣದ ಮನೆಯಿಂದ ತಡರಾತ್ರಿ ಬಂದು, ನಾವು ಶೆಮಾ ಹೇಳಿಲ್ಲ ಎಂದರು. ಬೆಳಗು ಹರಿದಿಲ್ಲವಾದರೆ ಹೇಳಲೇಬೇಕು ಎಂದ ತಂದೆ. ನಡುರಾತ್ರಿಯ ಗಡಿ ಏಕೆ ಹಾಕಿದರು ಎಂದರೆ, ಜನ ಉದಾಸೀನ ಮಾಡಿ ಮರೆತುಬಿಡದಿರಲಿ ಎಂದು. ಕೆಲವೇ ಸಾಲುಗಳಲ್ಲಿ ಒಂದು ವಿಧಿ, ಮೂರು ಅಭಿಪ್ರಾಯ, ಒಂದು ನಿದರ್ಶನ, ಒಂದು ಕಾರಣ ಬಂದುಹೋದವು. ಕಾನೂನು ಸಂಹಿತೆ ಎಂದುಕೊಂಡು ಇದನ್ನು ತೆರೆದವರಿಗೆ ನಿರಾಸೆಯಾಗುವುದು ಸಹಜ.

ಸೋತ ಅಭಿಪ್ರಾಯವನ್ನೂ ಏಕೆ ಇಟ್ಟುಕೊಂಡರು? ಇದಕ್ಕೂ ಮಿಷ್ನಾವೇ ಎರಡು ಉತ್ತರ ಕೊಡುತ್ತದೆ, ಅವೂ ಒಂದಕ್ಕೊಂದು ವಿರುದ್ಧ! ಮುಂದೊಂದು ಸಭೆಗೆ ಅದೇ ಸರಿಯೆನಿಸಿದರೆ ಆಧಾರವಿರಲಿ ಎಂಬುದು ಒಂದು. ‘ನನ್ನ ಗುರು ಹೀಗೆ ಹೇಳಿದ್ದರು’ ಎಂದು ಯಾರಾದರೂ ಬಂದರೆ, ಅದು ಬಿಟ್ಟುಕೊಟ್ಟ ಇಂಥವರ ಅಭಿಪ್ರಾಯ ಎಂದು ಅವರಿಗೆ ತೋರಿಸಲು ಅನುಕೂಲವಾಗಲಿ ಎಂಬುದು ಇನ್ನೊಂದು.

ಬಲಿಯ ವಿಭಾಗವನ್ನೂ ಇಡಿಯಾಗಿ ಉಳಿಸಿಕೊಂಡರು. ದೇವಾಲಯದ ಅಳತೆಗಳಿಗೆ ಒಂದು ಪ್ರಕರಣ, ದಿನದ ಬಲಿಯ ಕ್ರಮಕ್ಕೆ ಇನ್ನೊಂದು. ಬಲಿಪೀಠದ ಬೂದಿ ತೆಗೆಯುವ ಗೌರವಕ್ಕಾಗಿ ಯಾಜಕರು ಏರುದಾರಿಯಲ್ಲಿ ಓಟದ ಪಂದ್ಯ ಕಟ್ಟುತ್ತಿದ್ದರಂತೆ. ಒಮ್ಮೆ ಇಬ್ಬರು ಸಮಸಮವಾಗಿ ಓಡುತ್ತಿದ್ದಾಗ ಒಬ್ಬ ಇನ್ನೊಬ್ಬನನ್ನು ತಳ್ಳಿ ಕಾಲು ಮುರಿದದ್ದರಿಂದ ಚೀಟಿ ಹಾಕುವ ಪದ್ಧತಿ ಬಂತು ಎಂದು ಹೇಳಿದೆ. ಇಷ್ಟು ವಿವರವನ್ನು ಬರಿಯ ನೆನಪಿಗಾಗಿ ಇಟ್ಟುಕೊಂಡರೋ, ಮತ್ತೆ ಕಟ್ಟುವ ದಿನಕ್ಕೆಂದು ಇಟ್ಟುಕೊಂಡರೋ ಎಂಬುದರಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಎರಡೂ ಇರಬಹುದು. ಬಲಿಯ ವಿಧಿಗಳನ್ನು ಅಭ್ಯಾಸ ಮಾಡುವುದೇ ಬಲಿ ಕೊಟ್ಟಂತೆ ಎಂಬ ಮಾತು ಮುಂದೆ ತಾಲ್ಮುದಿನಲ್ಲಿ ಬರುತ್ತದೆ.

ಇನ್ನು ವೇದದ ಹೋಲಿಕೆ. ಗುರುಮುಖದಿಂದ ಕಲಿಯುವುದು, ಪುನರಾವರ್ತನೆಯಿಂದ ಉಳಿಸುವುದು ಎರಡರಲ್ಲೂ ಇದೆ. ಮೋಶೆ ಸೀನಾಯಿಯಲ್ಲಿ ತೋರಾವನ್ನು ಪಡೆದು ಯೆಹೋಶುವ ಎಂಬ ತನ್ನ ಉತ್ತರಾಧಿಕಾರಿಗೆ, ಅವನು ಹಿರಿಯರಿಗೆ, ಅವರು ಪ್ರವಾದಿಗಳಿಗೆ ದಾಟಿಸಿದರು ಎಂದು ಮಿಷ್ನಾದಲ್ಲೊಂದು ಪರಂಪರೆಯ ಪಟ್ಟಿಯೂ ಇದೆ. ಅದರಲ್ಲಿ ಯಾಜಕರ ಉಲ್ಲೇಖ ಇಲ್ಲದಿರುವುದು ಆಕಸ್ಮಿಕವಲ್ಲ. ಆದರೆ ವೇದಪಾಠದಲ್ಲಿ ಸ್ವರ ತಪ್ಪಿದರೆ ಎಲ್ಲವೂ ತಪ್ಪಿದಂತೆ, ಘನಪಾಠದಂಥ ಕ್ರಮಗಳು ಇರುವುದು ಆ ಕಾವಲಿಗಾಗಿಯೇ. ಮಿಷ್ನಾದಲ್ಲಿ ಕಾಯ್ದುಕೊಂಡದ್ದು ವಿಧಿ ಮತ್ತು ವಾದವನ್ನು. ಪಾಠಶಾಲೆಯಲ್ಲಿ ಕಂಠಪಾಠದವನೊಬ್ಬ ಇರುತ್ತಿದ್ದ, ಬೇಕಾದ ಭಾಗವನ್ನು ಒಪ್ಪಿಸುವುದಷ್ಟೇ ಅವನ ಕೆಲಸ. ಅವನನ್ನು ತಾಲ್ಮುದ್ ಗೇಲಿ ಮಾಡುತ್ತದೆ: ಮಂತ್ರವಾದಿ ಗೊಣಗುತ್ತಾನೆ, ಏನು ಹೇಳುತ್ತಿದ್ದೇನೆಂದು ಅವನಿಗೆ ಗೊತ್ತಿಲ್ಲ, ಇವನೂ ಒಪ್ಪಿಸುತ್ತಾನೆ, ಏನು ಹೇಳುತ್ತಿದ್ದೇನೆಂದು ಇವನಿಗೂ ಗೊತ್ತಿಲ್ಲ.

ಯೆಹೂದ ಹನಾಸಿ ಮಿಷ್ನಾವನ್ನು ‘ಬರೆದಿಟ್ಟ’ ಎಂಬುದನ್ನೂ ಹಾಗೆಯೇ ಒಪ್ಪುವಂತಿಲ್ಲ. ಬಾಯಲ್ಲಿ ಬಂದದ್ದನ್ನು ಬರೆದು ಓದಬಾರದು ಎಂಬ ನಿಯಮ ತಾಲ್ಮುದಿನಲ್ಲಿ ಸ್ಪಷ್ಟವಾಗಿದೆ. ವಿದ್ಯಾರ್ಥಿಗಳ ಕೈಯಲ್ಲಿ ಖಾಸಗಿ ಟಿಪ್ಪಣಿಗಳಿದ್ದವು, ಆದರೆ ಅಧಿಕೃತ ಪಾಠ ಕಂಠದಲ್ಲಿಯೇ ಇತ್ತು ಎಂದು ಬಹಳ ವಿದ್ವಾಂಸರ ಅಭಿಪ್ರಾಯ. 987ರಲ್ಲಿ ಉತ್ತರ ಆಫ್ರಿಕದ ಕೈರವಾನಿನ ಯಹೂದಿಗಳು ಬಾಬಿಲೋನಿನ ಪಾಠಶಾಲೆಯ ಮುಖ್ಯಸ್ಥ ಶೆರಿರಾ ಗಾವೋನನಿಗೆ ನೀವು ಕೇಳಿದ್ದನ್ನೇ ಕೇಳಿದ್ದರು: ಮಿಷ್ನಾ ಬರವಣಿಗೆಗೆ ಇಳಿದದ್ದು ಹೇಗೆ? ಅವನ ಉತ್ತರ ಉದ್ದವಾದ ಪತ್ರವಾಗಿ ಉಳಿದಿದೆ, ಆದರೆ ಎರಡು ಪಾಠಗಳಲ್ಲಿ. ಒಂದರಲ್ಲಿ ಯೆಹೂದ ಬರೆದ ಎಂದಿದೆ, ಇನ್ನೊಂದರಲ್ಲಿ ಬರೆಯಲಿಲ್ಲ ಎಂದಿದೆ.

ರಬ್ಬಿಗಳು ಯಾಜಕರ ಜಾಗಕ್ಕೆ ಯಾವಾಗ ಬಂದರು ಎಂಬುದಕ್ಕೆ ಹೀಗಾಗಿ ಒಂದು ಇಸವಿ ಕೊಡಲಾಗುವುದಿಲ್ಲ. ಮಿಷ್ನಾ ಸಿದ್ಧವಾದಾಗಲೂ ಅವರು ಸಣ್ಣ ಗುಂಪು. ಊರಿನ ಸಿನಗಾಗ್ ಅವರ ಕೈಯಲ್ಲಿರಲಿಲ್ಲ. 4ನೆಯ ಶತಮಾನದ ಹಮ್ಮತ್ ತಿಬೇರಿಯಾದ ಸಿನಗಾಗಿನ ನೆಲದ ಮೇಲೆ ರಾಶಿಚಕ್ರ, ಅದರ ನಡುವೆ ರಥದಲ್ಲಿ ಕುಳಿತ ಸೂರ್ಯದೇವನ ಚಿತ್ರವಿದೆ. ರಬ್ಬಿಗಳ ಮಾತೇ ಅಲ್ಲಿ ನಡೆಯುತ್ತಿದ್ದರೆ ಆ ಚಿತ್ರ ಇಷ್ಟು ಸಲೀಸಾಗಿ ಅಲ್ಲಿರುತ್ತಿತ್ತೇ ಎಂದು ಕೇಳಬೇಕಾಗುತ್ತದೆ. ಅವರ ಹಿಡಿತ ಗಟ್ಟಿಯಾದದ್ದು ಮಿಷ್ನಾದ ಮೇಲಿನ ಚರ್ಚೆಗಳು ಸುಮಾರು 400ರ ಹೊತ್ತಿಗೆ ಗಲಿಲಾಯದ ತಾಲ್ಮುದ್ ಆಗಿ, 6ನೆಯ ಶತಮಾನದ ಹೊತ್ತಿಗೆ ಬಾಬಿಲೋನಿನ ತಾಲ್ಮುದ್ ಆಗಿ ಬೆಳೆದ ಮೇಲೆ, ಆಮೇಲೆ ಬಾಗ್ದಾದಿನ ಖಲೀಫರ ಆಳ್ವಿಕೆಯಲ್ಲಿ ಆ ಪಾಠಶಾಲೆಗಳ ತೀರ್ಪು ಸ್ಪೇನಿನವರೆಗೆ ತಲುಪತೊಡಗಿದ ಮೇಲೆ.

ಆಗಲೂ ಎಲ್ಲರೂ ಒಪ್ಪಲಿಲ್ಲ. 8 ಮತ್ತು 9ನೆಯ ಶತಮಾನಗಳಲ್ಲಿ ಕರಾಯಿಟರು ಎಂಬ ಪಂಥದವರು ಲಿಖಿತ ತೋರಾ ಒಂದೇ ಪ್ರಮಾಣ, ಬಾಯಿಮಾತಿನ ತೋರಾ ರಬ್ಬಿಗಳು ಕಟ್ಟಿದ್ದು ಎಂದು ಎದ್ದುನಿಂತರು. ಕೈರವಾನಿನವರ ಪ್ರಶ್ನೆಯ ಹಿಂದೆಯೂ ಈ ವಾದದ ಒತ್ತಡವಿತ್ತು. ಕರಾಯಿಟರು ಇಸ್ರೇಲಿನಲ್ಲಿ ಇಂದಿಗೂ ಇದ್ದಾರೆ, ತಿಂಗಳ ಆರಂಭವನ್ನು ಈಗಲೂ ಗೆರೆಚಂದ್ರನನ್ನು ಕಣ್ಣಾರೆ ಕಂಡು ನಿರ್ಧರಿಸುವವರು ಅವರಲ್ಲಿದ್ದಾರೆ. ರಬ್ಬಿಗಳ ಪಂಚಾಂಗ ಮಾತ್ರ ಸಾಕ್ಷಿಗಳನ್ನು ಬಿಟ್ಟು ಗಣಿತಕ್ಕೆ ಹೊರಳಿ ಸಾವಿರ ವರ್ಷಗಳ ಮೇಲಾಯಿತು.